35 ವರ್ಷದ ಪ್ರೆಸ್ ವಹಿಸಿಕೊಟ್ಟಾಗ ನಾನು ಬರೆದ ಎರಡು ಪತ್ರಗಳು

ಪ್ರಶ್ನೆ: ಅಪ್ಪ ಮೂರು ದಶಕ ನಡೆಸಿದ ಸಣ್ಣ ಉದ್ಯಮವನ್ನು ಬರುವ ಮಾರ್ಚ್‌ಗೆ ತಮ್ಮ ಹಳೆಯ ಕೆಲಸಗಾರರಿಗೆ ವಹಿಸಿ ನಿವೃತ್ತರಾಗುತ್ತಿದ್ದಾರೆ. ಹಳೆಯ ಗಿರಾಕಿಗಳಿಗೂ ಮಾಲು ಕೊಡುವ ವ್ಯಾಪಾರಿಗಳಿಗೂ ಏನೆಂದು ಪತ್ರ ಬರೆಯಬೇಕು? ಎಲ್ಲರಿಗೂ ಒಂದೇ ಪತ್ರ ಸಾಕೇ?

ಸಾಲದು. ಗಿರಾಕಿಗಳಿಗೆ ಒಂದು, ಮಾಲು ಕೊಡುವವರಿಗೆ ಇನ್ನೊಂದು ಬರೆಯಿರಿ. ದಾವಣಗೆರೆಯಲ್ಲಿ 1987ರಿಂದ ಸಣ್ಣದೊಂದು ಮುದ್ರಣಾಲಯ ನಡೆಸಿ, 2022ರ ಏಪ್ರಿಲ್ 1ರಂದು ಅದನ್ನು ನಮ್ಮ ಮಷೀನ್‌ಮ್ಯಾನ್‌ಗೆ ವಹಿಸಿಕೊಟ್ಟೆ. ಮೊದಲು ನಾನೂ ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆದಿದ್ದೆ. ಇಷ್ಟು ವರ್ಷ ಸಹಕರಿಸಿದ್ದೀರಿ, ವಯಸ್ಸಾಯಿತು, ನಿವೃತ್ತನಾಗುತ್ತಿದ್ದೇನೆ, ಮುಂದೆಯೂ ತಮ್ಮ ಸಹಕಾರವಿರಲಿ ಎಂದು ಒಂದು ಪುಟ. ಅದನ್ನು ಓದಿದ ಕಾಗದದ ವ್ಯಾಪಾರಿಯೊಬ್ಬರಿಗೆ ಪ್ರೆಸ್ ಮುಚ್ಚುತ್ತಿದೆ ಅನ್ನಿಸಿತು. ಮರುದಿನ ಬರಬೇಕಿದ್ದ 20 ರೀಮ್ ಕಾಗದ ಬರಲಿಲ್ಲ. ಬದಲಿಗೆ ಹಳೆಯ ಬಾಕಿ ಕೇಳಲು ಅವರ ಅಂಗಡಿಯ ಹುಡುಗ ಬಂದ. ಅವರದ್ದು ತಪ್ಪೇನೂ ಇರಲಿಲ್ಲ. ತಮ್ಮ ಬಾಕಿ ಎಷ್ಟು, ಅದನ್ನು ಯಾರು ಕೊಡುತ್ತಾರೆ, ಎಂದು ಕೊಡುತ್ತಾರೆ ಎಂಬುದು ಅವರಿಗೆ ಬೇಕಿತ್ತು. ಆ ಒಂದು ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನಾನು ಬರೆದಿದ್ದೆ.

ಎರಡೂ ಪತ್ರಗಳು ನಿಲ್ಲುವುದು ಒಂದು ದಿನಾಂಕದ ಮೇಲೆ. ಮಾರ್ಚ್ 31ರವರೆಗೆ ಯಾವುದೆಲ್ಲ ನನ್ನದು, ಏಪ್ರಿಲ್ 1ರಿಂದ ಯಾವುದೆಲ್ಲ ಅವರದು ಎಂಬ ಗೆರೆ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. 'ಏಪ್ರಿಲ್ ಹೊತ್ತಿಗೆ' ಎಂದು ಬರೆದರೆ ಮೂರು ತಿಂಗಳು ಜಗಳ ಬಿಡಿಸುತ್ತಾ ಕೂರಬೇಕಾಗುತ್ತದೆ. ನಿಮ್ಮ ತಂದೆಯವರದ್ದು ಒಬ್ಬರೇ ಮಾಲೀಕರಿರುವ ಉದ್ಯಮವಾದರೆ ಅವರ ಜಿಎಸ್‌ಟಿ ಸಂಖ್ಯೆ ಅವರ ಪ್ಯಾನ್‌ಗೆ ಅಂಟಿಕೊಂಡಿರುತ್ತದೆ. ಬೋರ್ಡು, ಜಾಗ, ಯಂತ್ರ ಎಲ್ಲವೂ ಅವೇ ಇದ್ದರೂ ಹೊಸಬರು ತಮ್ಮದೇ ಪ್ಯಾನ್ ಮೇಲೆ ಹೊಸ ನೋಂದಣಿ ಪಡೆಯಬೇಕು. ಹಾಗಾಗಿ ಕೈ ಬದಲಾಗುವುದು ಆರ್ಥಿಕ ವರ್ಷದ ಅಂಚಿನಲ್ಲಾದರೆ ಸುಲಭ. ಬಿಲ್ಲಿನ ಸರಣಿ ಹೇಗೂ ಅಂದು ಬದಲಾಗುತ್ತದೆ, ಲೆಕ್ಕವೂ ಅಂದೇ ಮುಗಿಯುತ್ತದೆ.

ಹರಿದು ಹಾಕಿ ಎರಡನೆಯ ಸಲ ಗಿರಾಕಿಗಳಿಗೆ ನಾನು ಬರೆದದ್ದು ಹೀಗಿತ್ತು:

'ಮಾನ್ಯರೇ, ನಮಸ್ಕಾರಗಳು. 2022ರ ಮಾರ್ಚ್ 31ರಂದು ನಾನು ಪ್ರೆಸ್ಸಿನ ಕೆಲಸದಿಂದ ನಿವೃತ್ತನಾಗುತ್ತಿದ್ದೇನೆ. ಪ್ರೆಸ್ ಮುಚ್ಚುವುದಿಲ್ಲ. ಏಪ್ರಿಲ್ 1ರಿಂದ ಇದೇ ಜಾಗದಲ್ಲಿ, ಇದೇ ಹೆಸರಿನಲ್ಲಿ, ಇದೇ ದೂರವಾಣಿ ಸಂಖ್ಯೆಯಲ್ಲಿ ಅದನ್ನು ನಮ್ಮ ಮಷೀನ್‌ಮ್ಯಾನ್ ಸ್ವಂತ ಜವಾಬ್ದಾರಿಯಲ್ಲಿ ನಡೆಸುತ್ತಾರೆ. ತಮ್ಮ ಬಿಲ್ ಪುಸ್ತಕಗಳನ್ನು 19 ವರ್ಷದಿಂದ ಯಂತ್ರಕ್ಕೆ ಹಾಕಿ ಮುದ್ರಿಸಿದವರು ಅವರೇ. ಮಾರ್ಚ್ 31ರವರೆಗೆ ಮುಗಿಸಿ ಒಪ್ಪಿಸಿದ ಕೆಲಸದ ಬಿಲ್ ನನ್ನ ಜಿಎಸ್‌ಟಿ ಸಂಖ್ಯೆಯಲ್ಲಿ ಇರುತ್ತದೆ, ಅದರ ಹಣ ನನ್ನ ಖಾತೆಗೆ ಬರಲಿ. ಆಮೇಲಿನ ಕೆಲಸದ ಬಿಲ್, ಹಣ ಎರಡೂ ಅವರವು. ಹೊಸ ಜಿಎಸ್‌ಟಿ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ವಿವರ ಕೆಳಗಿದೆ. ನಮ್ಮ ಲೆಕ್ಕದಂತೆ ತಮ್ಮಿಂದ ಬರಬೇಕಾದದ್ದು ಇಷ್ಟು, ತಾವು ಕೊಟ್ಟಿರುವ ಮುಂಗಡ ಇಷ್ಟು. ವ್ಯತ್ಯಾಸವಿದ್ದರೆ ದಯವಿಟ್ಟು ಮಾರ್ಚ್ 10ರೊಳಗೆ ತಿಳಿಸಿ. ಮುಂಗಡವನ್ನು ಹಿಂದಿರುಗಿಸಬೇಕೋ ಅವರ ಲೆಕ್ಕಕ್ಕೆ ವರ್ಗಾಯಿಸಬೇಕೋ ಎಂಬುದನ್ನು ತಾವೇ ಹೇಳಬೇಕು.'

ಕೊನೆಗೆ ಕೃತಜ್ಞತೆಯ ಎರಡು ಸಾಲು ಕೈಯಲ್ಲೇ ಬರೆದೆ. ಅವು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿದ್ದವು. ಟ್ರೆಡಲ್ ಯಂತ್ರದ ಕಾಲದಲ್ಲಿ, ನಾನೇ ಕೂತು ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದಾಗ, ಮೊದಲ ರಸೀದಿ ಪುಸ್ತಕದ ಕೆಲಸ ಕೊಟ್ಟ ಅಕ್ಕಿ ವ್ಯಾಪಾರಿಗೆ ಆ ದಿನವನ್ನೇ ನೆನೆದು ಬರೆದೆ. ಮುದ್ರಿಸಿದ ಪತ್ರದಲ್ಲಿ ಲೆಕ್ಕ ಇರಲಿ, ಮನಸ್ಸಿನ ಮಾತು ಕೈಬರಹದಲ್ಲಿರಲಿ.

ಹೊಸಬರ ಬಗ್ಗೆ ಬರೆಯುವಾಗ ಅವರ ಪರವಾಗಿ ಮಾತು ಕೊಡಬೇಡಿ. 'ಇದೇ ದರ, ಇದೇ ಗುಣಮಟ್ಟ ಮುಂದುವರಿಯುತ್ತದೆ' ಎಂದು ನಿಮ್ಮ ತಂದೆಯವರು ಸಹಿ ಹಾಕಿದರೆ, ನಾಳೆ ಕಾಗದದ ಬೆಲೆ ಏರಿದಾಗ ಗಿರಾಕಿ ಆ ಪತ್ರ ಹಿಡಿದು ಹೊಸಬರ ಮುಂದೆ ನಿಲ್ಲುತ್ತಾನೆ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು. ಎಷ್ಟು ವರ್ಷ ಜೊತೆಗಿದ್ದರು, ಆ ಗಿರಾಕಿಯ ಯಾವ ಕೆಲಸ ಅವರ ಕೈಯಿಂದಲೇ ಆಗಿದೆ ಎಂಬುದು ಸಾಕು. ಅದಕ್ಕಿಂತ ದೊಡ್ಡ ಶಿಫಾರಸು ನನಗೆ ಗೊತ್ತಿಲ್ಲ.

ಪತ್ರದ ಜೊತೆಗೆ ಇನ್ನೊಂದು ಚೀಟಿ ಇಟ್ಟಿದ್ದೆ. ಅದರಲ್ಲಿ ಇದ್ದದ್ದು ಆ ಗಿರಾಕಿಯ ಬಿಲ್ ಪುಸ್ತಕದಲ್ಲಿ ನಾವು ಕೊನೆಗೆ ಮುದ್ರಿಸಿದ ಸಂಖ್ಯೆ. ನಮ್ಮಲ್ಲಿ ಪ್ರತಿ ಗಿರಾಕಿಗೂ ಒಂದು ಕಂದು ಲಕೋಟೆ ಇತ್ತು. ಅದರೊಳಗೆ ಹಿಂದಿನ ಸಲದ ಮಾದರಿ ಹಾಳೆ, ಅದರ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ 'ಕೊನೆಯದು 4500' ಎಂದು ನಾನು ಬರೆದಿಟ್ಟ ಗುರುತು. ಮುಂದಿನ ಸಲ ನಂಬರಿಂಗ್ ಯಂತ್ರವನ್ನು 4501ಕ್ಕೆ ತಿರುಗಿಸುವುದು ಆ ಗುರುತು ನೋಡಿಯೇ. ಕೆಲವು ಲಕೋಟೆಗಳ ಮೇಲೆ ಬರೆದೇ ಇರಲಿಲ್ಲ, ನನ್ನ ತಲೆಯಲ್ಲಿತ್ತು. ಜಿಎಸ್‌ಟಿ ನಿಯಮದಂತೆ ಒಂದು ಆರ್ಥಿಕ ವರ್ಷದಲ್ಲಿ ಒಂದೇ ಸಂಖ್ಯೆಯ ಎರಡು ಬಿಲ್ ಇರುವ ಹಾಗಿಲ್ಲ. ಹೊಸಬರು ತಪ್ಪು ಸಂಖ್ಯೆಯಿಂದ ಹೊಡೆದಿದ್ದರೆ ತೊಂದರೆ ಗಿರಾಕಿಗೆ ಆಗುತ್ತಿತ್ತು. ಫೆಬ್ರವರಿ ಪೂರ್ತಿ ಸಂಜೆ ಹೊತ್ತು ಕೂತು ಲಕೋಟೆಗಳನ್ನೆಲ್ಲ ಬಿಚ್ಚಿ ಗುರುತು ಮಾಡಿದೆವು. ನಿಮ್ಮ ತಂದೆಯವರ ಉದ್ಯಮ ಯಾವುದೆಂದು ನೀವು ಹೇಳಿಲ್ಲ. ಅಳತೆ, ಅಚ್ಚು, ಬಣ್ಣದ ಬೆರಕೆ, ಯಾರಿಗೆ ಯಾವ ವಾರ ಮಾಲು ಹೋಗಬೇಕು ಎಂಬಂಥ ಏನೋ ಒಂದು ಅವರ ತಲೆಯಲ್ಲಿ ಮಾತ್ರ ಇರುತ್ತದೆ. ಅದನ್ನು ಕೇಳಿ ಬರೆಸಿಕೊಂಡು ಆಯಾ ಗಿರಾಕಿಗೆ ತಿಳಿಸಿ. ಗಿರಾಕಿ ಬೇರೆಲ್ಲಿಗಾದರೂ ಹೋಗಲು ಬಯಸಿದರೂ ಆ ಮಾಹಿತಿ ಅವರದ್ದೇ ಅಲ್ಲವೇ?

ಮಾಲು ಕೊಡುವವರ ಪತ್ರ ಚಿಕ್ಕದು, ಆದರೆ ಅದರ ತೂಕ ಹೆಚ್ಚು. ಅದನ್ನು ಗಿರಾಕಿಗಳ ಪತ್ರಕ್ಕಿಂತ ವಾರ ಮೊದಲೇ ಕೈಯಾರೆ ಕೊಡಬೇಕು. ಕಾಗದ, ಶಾಯಿ ಕೊಡುವವರ ಪ್ರತಿನಿಧಿಗಳು ದಿನಕ್ಕೆ ಹತ್ತು ಪ್ರೆಸ್ ಸುತ್ತುತ್ತಾರೆ, ಸುದ್ದಿ ನಿಮಗಿಂತ ಮೊದಲು ಅವರ ಬಾಯಲ್ಲಿ ಊರು ಸುತ್ತುತ್ತದೆ. ಪತ್ರದಲ್ಲಿ ಮೊದಲ ಸಾಲಿನಲ್ಲೇ ಬಾಕಿಯ ಮೊತ್ತ, ಎರಡನೆಯ ಸಾಲಿನಲ್ಲಿ ಅದನ್ನು ತೀರಿಸುವ ದಿನ. 'ಇಂದಿಗೆ ತಮಗೆ ಕೊಡಬೇಕಾದದ್ದು 1,86,400 ರೂಪಾಯಿ. ಮಾರ್ಚ್ 25ರೊಳಗೆ ಎರಡು ಕಂತಿನಲ್ಲಿ ನಾನೇ ಚುಕ್ತಾ ಮಾಡುತ್ತೇನೆ' ಎಂದು ನಾನು ಬರೆದೆ. ಕಾಗದದ ವ್ಯಾಪಾರಿಯ ಮುಖ ಸಡಿಲವಾದದ್ದು ಆ ಸಾಲು ಓದಿದ ಮೇಲೆಯೇ. ಹಾಗೆ ಬರೆಯುವ ಮೊದಲು ಅವರ ಖಾತೆಯ ಜೊತೆ ನಿಮ್ಮ ಖಾತೆ ಹೊಂದಿಸಿ ನೋಡಿ. ವಸೂಲಿಗೆ ದಾವೆ ಹಾಕುವ ಅವಧಿ ಮುಗಿಯದ ಸಾಲವನ್ನು ಒಪ್ಪಿ ಸಹಿ ಹಾಕಿದ ಬರಹ ಕಾನೂನಿನ ಕಣ್ಣಿನಲ್ಲಿ ಸಾಲಗಾರನ ಒಪ್ಪಿಗೆ, ಅಂದಿನಿಂದ ಆ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ವಾಪಸು ಮಾಡಿದ ಮಾಲು ಕಳೆಯದೇ ಇರುವ ಮೊತ್ತಕ್ಕೆ ಸಹಿ ಬೀಳಬಾರದು.

'ಬಾಕಿಯನ್ನೆಲ್ಲ ಹೊಸ ಮಾಲೀಕರು ಕೊಡುತ್ತಾರೆ' ಎಂದು ಬರೆದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಮಾಲು ಕೊಟ್ಟವರು ಒಪ್ಪದ ಹೊರತು ನಿಮ್ಮ ತಂದೆಯವರ ಸಾಲ ಇನ್ನೊಬ್ಬರ ತಲೆಗೆ ಹೋಗುವುದಿಲ್ಲ. ತೆರಿಗೆ ಬಾಕಿಯ ಮಾತಂತೂ ಬೇರೆಯೇ. ವಹಿಸಿಕೊಟ್ಟ ದಿನದವರೆಗಿನ ಜಿಎಸ್‌ಟಿ ಬಾಕಿಗೆ ಕೊಟ್ಟವರು, ಪಡೆದವರು ಇಬ್ಬರೂ ಹೊಣೆ. ಅದನ್ನು ಲೆಕ್ಕಪರಿಶೋಧಕರ ಎದುರು ಮೊದಲೇ ತೀರಿಸಿಕೊಳ್ಳಿ, ಪತ್ರದಲ್ಲಿ ತರಬೇಡಿ.

ಉದ್ರಿಯ ವಿಷಯವನ್ನೂ ಬಿಚ್ಚಿ ಬರೆಯಬೇಕು. ನನಗೆ 45 ದಿನದ ಉದ್ರಿ ಸಿಗುತ್ತಿದ್ದದ್ದು ನನ್ನ ಮುಖ ನೋಡಿ. ಅದು ಹೊಸಬರಿಗೆ ತಾನಾಗಿ ಸಿಗುವುದಿಲ್ಲ, ಸಿಗಬೇಕೆಂದು ನಾನು ಒತ್ತಾಯಿಸುವಂತೆಯೂ ಇಲ್ಲ. 'ಏಪ್ರಿಲ್ 1ರಿಂದ ಕೊಡುವ ಮಾಲಿಗೆ ನಾನು ಜಾಮೀನಲ್ಲ. ಉದ್ರಿಯ ನಿಬಂಧನೆಗಳನ್ನು ತಾವು ಅವರೊಡನೆ ಮಾತಾಡಿಕೊಳ್ಳಬೇಕು' ಎಂದು ಬರೆದು, ಆಮೇಲೆ ಅವರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದೆ. ಮೊದಲ ಮೂರು ತಿಂಗಳು ನಗದು, ಆಮೇಲೆ 30 ದಿನ ಎಂದು ಇಬ್ಬರೂ ಒಪ್ಪಿಕೊಂಡರು.

ಇನ್ನೊಂದು ಸಾಲನ್ನು ಮರೆಯಬೇಡಿ. ಹಳೆಯ ವ್ಯಾಪಾರಿಗಳ ಬಳಿ ಭದ್ರತೆಗೆಂದು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕುಗಳು ಇರುತ್ತವೆ. ನನ್ನವು ಮೂರು ಕಡೆ ಇದ್ದವು, ಒಂದಂತೂ 2009ರದ್ದು. ಚೆಕ್ಕಿನ ಸಂಖ್ಯೆ ನಮೂದಿಸಿ, 'ಬಾಕಿ ಚುಕ್ತಾ ಆದ ದಿನ ಇದನ್ನು ಹಿಂದಿರುಗಿಸಬೇಕು' ಎಂದು ಬರೆದೆ. ಎರಡು ಬಂದವು. ಮೂರನೆಯದು ಸಿಗುತ್ತಿಲ್ಲ ಎಂದರು. ಅದಕ್ಕೆ ಬ್ಯಾಂಕಿನಲ್ಲಿ ಪಾವತಿ ತಡೆ ಹಾಕಿಸಿ, ಸಿಕ್ಕದ ಬಗ್ಗೆ ಅವರಿಂದ ಒಂದು ಚೀಟಿ ಬರೆಸಿಕೊಂಡೆ.

ಚಾಲ್ತಿ ಖಾತೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ. ಒಂದು ಶಾಲೆಯವರು ಮಾರ್ಚ್‌ನ ಬಿಲ್ಲಿಗೆ ಜೂನ್‌ನಲ್ಲಿ ಹಳೆಯ ಹೆಸರಿಗೇ ಚೆಕ್ ಕಳಿಸಿದರು. ಖಾತೆ ಜೀವಂತವಾಗಿದ್ದುದರಿಂದ ಹಣ ಬಂತು. ಕನಿಷ್ಠ ಆರು ತಿಂಗಳಾದರೂ ಇರಲಿ.

ಪತ್ರಗಳನ್ನು ಎರಡೆರಡು ಪ್ರತಿ ಮಾಡಿ, ಒಂದಕ್ಕೆ ಅವರಿಂದ 'ತಲುಪಿದೆ' ಎಂದು ಸಹಿ, ದಿನಾಂಕ ಹಾಕಿಸಿಕೊಳ್ಳಿ. ಹೊರ ಊರಿನವರಿಗೆ ಅಂಚೆಯಲ್ಲಿ ನೋಂದಾಯಿಸಿ ಕಳಿಸಿದೆ, ವಾಟ್ಸಾಪ್‌ನಲ್ಲಿ ಅದರ ಚಿತ್ರವನ್ನೂ ಹಾಕಿದೆ. ಎರಡು ತಿಂಗಳು ಮೊದಲು ಶುರುಮಾಡಿದ್ದರಿಂದ ಪ್ರಶ್ನೆ ಕೇಳಲು ಬಂದವರಿಗೆಲ್ಲ ನಾನೇ ಕೂತು ಉತ್ತರ ಹೇಳಲು ಸಾಧ್ಯವಾಯಿತು.

ಇಷ್ಟು ಮಾಡಿಯೂ ಒಂದು ಕಡೆ ಎಡವಿದೆ. ಪತ್ರ ಕಳಿಸಬೇಕಾದವರ ಪಟ್ಟಿಯನ್ನು ನಾನು ಬಾಕಿ ಪುಸ್ತಕ ನೋಡಿ ಮಾಡಿದ್ದೆ. ನಗದು ಕೊಟ್ಟು ಹೋಗುವವರ ಹೆಸರು ಅದರಲ್ಲಿ ಇರುವುದಿಲ್ಲ. ಹತ್ತಿರದ ಹಳ್ಳಿಯೊಂದರ ಜಾತ್ರಾ ಸಮಿತಿಯವರು ವರ್ಷಕ್ಕೊಮ್ಮೆ ಬಂದು ಚಂದಾ ರಸೀದಿ ಪುಸ್ತಕ ಮಾಡಿಸಿಕೊಂಡು ಹೋಗುತ್ತಿದ್ದರು, ಅದೂ 22 ವರ್ಷದಿಂದ. ಮುಂದಿನ ವರ್ಷ ಅವರು ಬಂದಾಗ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದನ್ನು ನೋಡಿ, ನನಗೆ ಏನಾದರೂ ಆಗಿಹೋಯಿತೆಂದು ತಿಳಿದು ನೇರವಾಗಿ ಮನೆಗೆ ಬಂದುಬಿಟ್ಟರು. ಬಾಗಿಲಲ್ಲಿ ನನ್ನನ್ನು ಕಂಡು ಅವರಲ್ಲಿ ಹಿರಿಯರು ಕಣ್ಣೊರೆಸಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ. ನಿಮ್ಮ ತಂದೆಯವರ ಜೊತೆ ಕೂತು ಕಡೆಯ ನಾಲ್ಕು ವರ್ಷದ ಕೆಲಸದ ರಿಜಿಸ್ಟರನ್ನೂ ನಗದು ಬಿಲ್ಲುಗಳನ್ನೂ ಒಮ್ಮೆ ತಿರುವಿ, ವರ್ಷಕ್ಕೊಮ್ಮೆ ಬರುವವರ ಹೆಸರುಗಳನ್ನು ಬೇರೆಯಾಗಿ ಬರೆದುಕೊಳ್ಳಿ.