'ಆನ್‌ಲೈನ್ ಬುಕಿಂಗ್' ಎಂದು ಬರೆದರೆ ಡಾಕ್ಟರಿಗೆ ಏನು ಅರ್ಥವಾಗುತ್ತದೆ?

ಪ್ರಶ್ನೆ: ಮಲ್ಲೇಶ್ವರದಲ್ಲಿ ಇಬ್ಬರು ಡಾಕ್ಟರಿರುವ ಕ್ಲಿನಿಕ್ಕಿಗೆ ಬುಕಿಂಗ್ ವೆಬ್‌ಸೈಟ್ ಮಾಡಿಕೊಡಬೇಕು. 'ಆನ್‌ಲೈನ್ ಬುಕಿಂಗ್, ಎಸ್ಸೆಮ್ಮೆಸ್, ಅಡ್ಮಿನ್ ಪ್ಯಾನೆಲ್. ಎರಡು ತಿಂಗಳು. ಒಂದು ಲಕ್ಷ ಹನ್ನೆರಡು ಸಾವಿರ' ಅಂತ ಪ್ರಪೋಸಲ್ ಬರೆದಿದ್ದೇನೆ. ಇಷ್ಟು ಸಾಕಾ ಸಾರ್?

ಸಾಲದು. ಈ ಪ್ರಶ್ನೆ ಪದೇ ಪದೇ ಬರುತ್ತದೆ, ಪತ್ರದ ತಪ್ಪೂ ಪ್ರತಿಸಲ ಅದೇ. ನಿಮ್ಮ ಮನಸ್ಸಿನಲ್ಲಿರುವುದು ಒಂದು ಫಾರಂ. ಡಾಕ್ಟರ ಮನಸ್ಸಿನಲ್ಲಿ ಫೋನ್ ಮಾಡಿದವರು, ನೇರ ಬಂದು ಕೂತವರು, ತಾವು ರಜೆ ಹಾಕಿದ ದಿನ, ಹಳೇ ಫೈಲು ಎಲ್ಲವೂ ಇದೆ. ಆ ಅಂತರಕ್ಕೆ ಆಮೇಲೆ ನೀವೇ ಪುಕ್ಕಟೆ ದುಡಿಯಬೇಕಾಗುತ್ತದೆ.

ಮೊದಲು ಒಂದು ಸಂಜೆ ರಿಸೆಪ್ಷನ್ನಿನ ಪಕ್ಕ ಕೂತು, ಅಲ್ಲಿ ಸಮಯ ಕೊಡುತ್ತಾರೋ ಟೋಕನ್ ಕೊಡುತ್ತಾರೋ ನೋಡಿ. ಎರಡಕ್ಕೂ ಕೆಲಸವೇ ಬೇರೆ. ಸಮಯ ಎಂದಾದರೆ ಪತ್ರದಲ್ಲಿ ಹೀಗೆ ಬರೆಯಿರಿ: 'ಬೆಳಿಗ್ಗೆ 10ರಿಂದ 1, ಸಂಜೆ 5.30ರಿಂದ 8.30. 15 ನಿಮಿಷಕ್ಕೊಂದು ಸ್ಲಾಟ್; ಪ್ರತಿ ಡಾಕ್ಟರಿಗೆ ಒಂದು ಹೊತ್ತಿಗೆ 12. ಅದರಲ್ಲಿ 8 ವೆಬ್‌ಸೈಟಿನಲ್ಲಿ ಕಾಣುತ್ತವೆ, 4 ರಿಸೆಪ್ಷನ್ನಿನ ಕೈಯಲ್ಲಿರುತ್ತವೆ. ಫೋನಿನಲ್ಲಿ ಕೊಟ್ಟ ಸಮಯವನ್ನು ಸಿಬ್ಬಂದಿ ಆಗಲೇ ಪ್ಯಾನೆಲ್ಲಿಗೆ ಹಾಕಬೇಕು.' ಕೊನೆಯ ವಾಕ್ಯ ಬಿಟ್ಟಿರೋ, 6.15ಕ್ಕೆ ಇಬ್ಬರು ಬಂದು ನಿಲ್ಲುತ್ತಾರೆ: ಒಬ್ಬರದು ಡೈರಿಯಲ್ಲಿ, ಇನ್ನೊಬ್ಬರದು ವೆಬ್‌ಸೈಟಿನಲ್ಲಿ. ಬೈಗುಳ ಮಾತ್ರ ನಿಮಗೆ.

ಡಾಕ್ಟರು ದಿಢೀರ್ ರಜೆ ಹಾಕಿದರೆ ಯಾರು ರದ್ದು ಮಾಡುತ್ತಾರೆ, ಬುಕ್ ಮಾಡಿದವರಿಗೆ ಮೆಸೇಜ್ ತಾನಾಗಿ ಹೋಗುತ್ತದೆಯೇ ಎಂಬುದೂ ಇರಲಿ. ಒಪ್ಪಿಗೆಯ ಪರೀಕ್ಷೆಯನ್ನೂ ಬರೆದಿಡಿ: ಎರಡು ಫೋನಿನಿಂದ ಒಂದೇ ಸ್ಲಾಟನ್ನು ಒಟ್ಟಿಗೆ ಒತ್ತಿದಾಗ ಒಬ್ಬರಿಗೆ ಸಿಗಬೇಕು, ಇನ್ನೊಬ್ಬರಿಗೆ 'ಬೇರೆ ಸಮಯ ಆರಿಸಿ' ಎಂದು ಬರಬೇಕು. ಇಂಥದ್ದು ನಾಲ್ಕೈದು ಇದ್ದರೆ 'ಕೆಲಸ ಮುಗಿದಿಲ್ಲ' ಎಂಬ ಜಗಳಕ್ಕೆ ದಾರಿಯೇ ಇಲ್ಲ. ಇದರ ಕೆಳಗೇ 'ಸೇರಿಲ್ಲ' ಎಂದು ಬರೆದು, ಪ್ರಿಸ್ಕ್ರಿಪ್ಷನ್, ಹಳೇ ಫೈಲು, ವಿಡಿಯೊ ಕರೆ, ಆನ್‌ಲೈನ್ ಪಾವತಿ, ಮೊಬೈಲ್ ಆ್ಯಪ್ ಎಲ್ಲವನ್ನೂ ಹೆಸರಿಸಿ.

ಇನ್ನು 'ಎರಡು ತಿಂಗಳು'. ಯಾವತ್ತಿನಿಂದ? ಅಡ್ವಾನ್ಸ್ ಮತ್ತು ಡಾಕ್ಟರ ವೇಳಾಪಟ್ಟಿ ಎರಡೂ ಕೈಸೇರಿದ ದಿನದಿಂದ ಎಂದು ಬರೆಯಿರಿ. ಎಸ್ಸೆಮ್ಮೆಸ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ಕ್ಲಿನಿಕ್ ತನ್ನ ಹೆಸರಿನಲ್ಲೇ ಡಿಎಲ್‌ಟಿ ನೋಂದಣಿ, ಅಂದರೆ ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆಗಳ ನೋಂದಣಿ ಮಾಡಿಸಿ, ಮೆಸೇಜಿನಲ್ಲಿ ಕಳಿಸಿದವರ ಹೆಸರಾಗಿ ಕಾಣುವ ಹೆಡರ್ ಪಡೆದು, ಪ್ರತಿ ಮೆಸೇಜಿನ ಟೆಂಪ್ಲೇಟಿಗೆ ಒಪ್ಪಿಗೆ ಪಡೆಯಬೇಕು. ದಾಖಲೆ ಕೊಡಬೇಕಾದವರು ಅವರು, ಹಾಗಾಗಿ ಮೊದಲ ವಾರವೇ ಶುರುಮಾಡಿಸಿ. ತಡವಾದರೆ ಗಡುವೂ ಅಷ್ಟೇ ದಿನ ಮುಂದಕ್ಕೆ ಎಂದು ಪತ್ರದಲ್ಲಿರಲಿ. ಒಪ್ಪಿಗೆಯಾದ ಟೆಂಪ್ಲೇಟಿನಲ್ಲಿ ಆಮೇಲೆ ಒಂದು ಪದ ಬದಲಿಸಿದರೂ ಮೆಸೇಜ್ ಹೋಗುವುದಿಲ್ಲ. ವೆಬ್‌ಸೈಟ್ 'ಕಳಿಸಿದೆ' ಎನ್ನುತ್ತಿರುತ್ತದೆ, ರೋಗಿಗೆ ಬಂದಿರುವುದಿಲ್ಲ; ಎಸ್ಸೆಮ್ಮೆಸ್ ಕಂಪನಿಯ ಡೆಲಿವರಿ ರಿಪೋರ್ಟ್ ತೆರೆದರಷ್ಟೇ ಗೊತ್ತಾಗುವುದು. 'ಡಿಎಲ್‌ಟಿ ಇಲ್ಲದೆಯೇ ಮಾಡಿಸಿಕೊಡ್ತೀವಿ' ಎನ್ನುವ ಏಜೆಂಟರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಖರ್ಚನ್ನು ಒಂದೇ ಮೊತ್ತವಾಗಿ ಬರೆದರೆ ಚೌಕಾಸಿಯೂ ಮೊತ್ತದ ಮೇಲೇ ನಡೆಯುತ್ತದೆ. ದಿನದ ಲೆಕ್ಕ ಕೊಡಿ: ವಿನ್ಯಾಸ 5, ಬುಕಿಂಗ್ ಪುಟ 8, ರಿಸೆಪ್ಷನ್ ಪ್ಯಾನೆಲ್ 7, ಎಸ್ಸೆಮ್ಮೆಸ್ 3, ಪರೀಕ್ಷೆ ಮತ್ತು ತರಬೇತಿ 5. ಒಟ್ಟು 28 ದಿನ; ನಿಮ್ಮ ದರ ದಿನಕ್ಕೆ 4,000 ಇದ್ದರೆ 1,12,000. ಅವರು 'ಒಂದು ಲಕ್ಷಕ್ಕೆ ಮಾಡ್ಕೊಡಿ' ಎಂದರೆ ದರ ಇಳಿಸಬೇಡಿ. ಎಸ್ಸೆಮ್ಮೆಸ್ಸಿನ 3 ದಿನ ತೆಗೆಯಿರಿ, ಸರಿಯಾಗಿ ಒಂದು ಲಕ್ಷವಾಗುತ್ತದೆ. ಯಾವುದು ಬೇಡ ಎಂದು ಅವರೇ ಹೇಳಲಿ. ಹಣ ಮೂರು ಕಂತಿನಲ್ಲಿ: ಸಹಿಗೆ 44,800, ಬುಕಿಂಗ್ ಪುಟ ತೋರಿಸಿದಾಗ 33,600, ಪರೀಕ್ಷೆ ಒಪ್ಪಿದ ದಿನ 33,600. 'ಲೈವ್ ಆದ ಮೇಲೆ' ಎಂದು ಬರೆಯಬೇಡಿ. ಉದ್ಘಾಟನೆಗೆ ಒಳ್ಳೇ ದಿನ ಹುಡುಕುತ್ತಾ ತಿಂಗಳು ಕಳೆಯುತ್ತಾರೆ. ಡೊಮೇನ್, ಹೋಸ್ಟಿಂಗ್, ಎಸ್ಸೆಮ್ಮೆಸ್ ಬಿಲ್ಲು ಕ್ಲಿನಿಕ್ಕಿನ ಹೆಸರಿಗೇ, ಅವರ ಕಾರ್ಡಿನಿಂದಲೇ.

ಪ್ರಶ್ನೆ: ಜಿಎಸ್‌ಟಿ ನೋಂದಣಿ ಇಲ್ಲ. ಆದರೂ 18% ಸೇರಿಸಿ ಬರೆಯಲಾ?

ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. ನೋಂದಣಿ ಇದ್ದರೆ 1,12,000ಕ್ಕೆ 20,160 ಬೇರೆ ಸಾಲಿನಲ್ಲಿ ತೋರಿಸಿ.

ಪ್ರಶ್ನೆ: ಬುಕಿಂಗ್ ಫಾರಂನಲ್ಲಿ ಕಾಯಿಲೆಯ ವಿವರವನ್ನೂ ಕೇಳಿದರೆ ಪ್ರಪೋಸಲ್ ತೂಕ ಹೆಚ್ಚುತ್ತದಲ್ಲವೇ?

ಹೆಚ್ಚುವುದು ನಿಮ್ಮ ತಲೆನೋವು. ಹೆಸರು, ಮೊಬೈಲ್ ಸಂಖ್ಯೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿ.

ಪ್ರಶ್ನೆ: ಇಪ್ಪತ್ತು ಪುಟದ ರೆಡಿಮೇಡ್ ಪ್ರಪೋಸಲ್ ಸಿಕ್ಕಿದೆ, ಹೆಸರು ಬದಲಿಸಿ ಕಳಿಸಬಹುದಾ?

ಬೇಡ. ಎರಡು ಪೇಷಂಟ್ ನಡುವೆ ಡಾಕ್ಟರು ಓದುವುದು ಎರಡೇ ಪುಟ.