ಹಳೇ ಸಂಬಳ ಕೇಳಿದರೆ ಹೊಸ ಕೆಲಸದ ಸಂಬಳ ಕೇಳಿ

"ಸಂಪಾದಕರೇ, ಸಣ್ಣ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಆರು ವರ್ಷದಿಂದ ಇದ್ದೇನೆ. ಬಿಲ್ ಎಂಟ್ರಿ ಮಾಡಲು ಸೇರಿದವಳು ಈಗ ತಿಂಗಳ ಕ್ಲೋಸಿಂಗ್, ಆಡಿಟ್ ಎಲ್ಲ ನೋಡಿಕೊಳ್ಳುತ್ತೇನೆ. ಸಂಬಳ ಮಾತ್ರ ಅದಕ್ಕೆ ತಕ್ಕಂತೆ ಏರಿಲ್ಲ. ರಿಕ್ರೂಟರ್‌ಗಳು ಫೋನಿನಲ್ಲಿ ಮೊದಲು ಕೇಳುವುದೇ ಈಗಿನ ಸಂಬಳ. ಹೇಳಲು ನಾಚಿಕೆ. ಹೇಳಿದರೆ 'ಇದರ ಮೇಲೆ 25 ಪರ್ಸೆಂಟ್ ಕೊಡಿಸಬಹುದು' ಅನ್ನುತ್ತಾರೆ. ಸ್ವಲ್ಪ ಜಾಸ್ತಿ ಹೇಳಿಬಿಡಲೇ? ಇಲ್ಲ, ಮಾರ್ಕೆಟ್ ರೇಟ್ ನೋಡಿ ಕೊಡಿ ಅಂತ ಕೇಳುವುದು ಹೇಗೆ?"
— ಹೆಸರು ಹಾಕಬೇಡಿ ಎಂದ ಓದುಗರು

ಜಾಸ್ತಿ ಹೇಳಬೇಡಿ. ನನಗೆ ಗೊತ್ತಿರುವ ಒಬ್ಬ ಹುಡುಗ ಎಲ್ಲ ಸುತ್ತು ಪಾಸಾಗಿ, ಆಫರ್ ಬರುವ ಹೊತ್ತಿಗೆ ಸಂಬಳದ ಚೀಟಿ ಕಳಿಸಿ ಎಂದಾಗ ಸಿಕ್ಕಿಬಿದ್ದ. ಹೇಳಿದ್ದಕ್ಕೂ ಚೀಟಿಯಲ್ಲಿದ್ದದ್ದಕ್ಕೂ ಐದರಲ್ಲೊಂದು ಪಾಲು ವ್ಯತ್ಯಾಸ. ಆಫರ್ ವಾಪಸ್ ಹೋಯಿತು. ಅವರು ಕೊಟ್ಟ ಕಾರಣ ಕಡಿಮೆ ಸಂಬಳವಲ್ಲ, ಸುಳ್ಳು. ನಿಜ ಹೇಳಿದ್ದರೆ ಚೌಕಾಸಿ ಮಾಡಲು ಜಾಗವಾದರೂ ಉಳಿಯುತ್ತಿತ್ತು.

ಇನ್ನು ನಾಚಿಕೆಯ ಮಾತು. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕು. ನಾಚಿಕೆ ಯಾಕೆ? ಒಂದು ಕಂಪನಿಯ ಲೆಕ್ಕವನ್ನೆಲ್ಲ ಪ್ರತಿ ತಿಂಗಳೂ ಗಡುವಿನೊಳಗೆ ಮುಗಿಸಿ, ಆಡಿಟರ್ ಎದುರು ಕೂತು ಉತ್ತರ ಕೊಡುವವರು ನೀವು. ಆ ಕೆಲಸಕ್ಕೆ ಎಂಟ್ರಿ ಮಾಡುವವರ ಸಂಬಳ ಕೊಡುತ್ತಿರುವವರು ನಾಚಬೇಕು. ಧ್ವನಿ ತಗ್ಗಿಸಿ, ತಪ್ಪೊಪ್ಪಿಕೊಳ್ಳುವ ಹಾಗೆ ಸಂಬಳ ಹೇಳಿದರೆ ಆ ಕಡೆಯವರಿಗೆ ಬೇರೆ ಸಂದೇಹ ಬರುತ್ತದೆ. ಇವರ ಕೆಲಸವೇ ಅಷ್ಟಕ್ಕಷ್ಟೇ ಇರಬಹುದು ಅಂದುಕೊಳ್ಳುತ್ತಾರೆ.

ರಿಕ್ರೂಟರ್ ಪರವಾಗಿಯೂ ಒಂದು ಮಾತು. ಅವರ ಕೈಯಲ್ಲಿ ಒಂದು ಬಜೆಟ್ ಇರುತ್ತದೆ. ಕೊನೇ ಗಳಿಗೆಯಲ್ಲಿ ಸಂಬಳ ಸಾಲದು ಎಂದು ಅಭ್ಯರ್ಥಿ ಕೈಬಿಟ್ಟರೆ ವಾರಗಟ್ಟಲೆ ಮಾಡಿದ ಕೆಲಸ ಹಾಳು, ಆದ್ದರಿಂದ ಮೊದಲೇ ಅಂದಾಜು ಬೇಕು. ಒಪ್ಪುತ್ತೇನೆ. ಆದರೆ ಅದಕ್ಕೆ 'ನಿಮಗೆಷ್ಟು ಬೇಕು' ಎಂದು ಕೇಳಿದರೆ ಸಾಕಲ್ವಾ? ಹೊಸ ಬಾಡಿಗೆದಾರ ಹಿಂದಿನ ಮನೆಗೆ ಎಷ್ಟು ಬಾಡಿಗೆ ಕೊಡುತ್ತಿದ್ದ ಅಂತ ಕೇಳಿ, ಅದರ ಮೇಲೆ 25 ಪರ್ಸೆಂಟ್ ಹಾಕಿ ತನ್ನ ಮನೆಯ ಬಾಡಿಗೆ ನಿಗದಿ ಮಾಡುವ ಮಾಲೀಕನನ್ನು ನಾನಂತೂ ಕಂಡಿಲ್ಲ.

ಆ 25 ಪರ್ಸೆಂಟ್ ಕೇಳಲು ಉದಾರವಾಗಿದೆ. ಲೆಕ್ಕ ಹಾಕಿ ನೋಡಿ, ಲೆಕ್ಕ ನಿಮ್ಮದೇ ಕ್ಷೇತ್ರ. ನಿಮ್ಮ ಈಗಿನ ಸಂಬಳ 100, ನೀವು ಮಾಡುತ್ತಿರುವ ಕೆಲಸಕ್ಕೆ ಮಾರ್ಕೆಟ್ಟಿನಲ್ಲಿ 180 ಅಂತ ಇಟ್ಟುಕೊಳ್ಳೋಣ. ನೀವು 125ಕ್ಕೆ ಸೇರಿದಿರಿ. ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಮೂರು ವರ್ಷಕ್ಕೆ ಸುಮಾರು 149. ಮತ್ತೆ ಕೆಲಸ ಬದಲಿಸಿ ಮತ್ತೆ 25 ಪರ್ಸೆಂಟ್ ಪಡೆದಿರಿ, 186 ಆಯಿತು. ಅಷ್ಟರಲ್ಲಿ ಮಾರ್ಕೆಟ್ ಕೂಡ ಅದೇ 6 ಪರ್ಸೆಂಟ್‌ನಲ್ಲಿ ಏರಿ 214ಕ್ಕೆ ಹೋಗಿರುತ್ತದೆ. ಎರಡು ಸಲ ಕೆಲಸ ಬದಲಿಸಿದರೂ ನೀವು ಹಿಂದೆಯೇ. ಆರು ವರ್ಷದ ಹಿಂದೆ ಯಾರೋ ಎಂಟ್ರಿ ಕೆಲಸಕ್ಕೆ ಹಾಕಿದ ಒಂದು ಅಂಕಿ ಇಷ್ಟು ದೂರ ಬೆನ್ನು ಹತ್ತಿ ಬರುತ್ತದೆ.

ಮೊದಲು ಕಿವಿಗೆ ಬಿದ್ದ ಅಂಕಿ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲಿ ಬರೆದ ಒಂದು ಪ್ರಯೋಗವಿದೆ. ಜನರ ಎದುರು ಅಂಕಿಗಳಿರುವ ಒಂದು ಚಕ್ರ ತಿರುಗಿಸುತ್ತಿದ್ದರು. ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲು ಶೇಕಡಾ ಎಷ್ಟು, ಚಕ್ರ ತೋರಿಸಿದ್ದಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ಕೇಳುತ್ತಿದ್ದರು. ಚಕ್ರ 10ಕ್ಕೆ ನಿಂತಾಗ ಜನರ ಅಂದಾಜು 25ರ ಆಸುಪಾಸು, 65ಕ್ಕೆ ನಿಂತಾಗ 45. ಪ್ರಶ್ನೆಗೂ ಚಕ್ರಕ್ಕೂ ಏನೂ ಸಂಬಂಧವಿಲ್ಲ. ಹಾಗಿದ್ದೂ ಇಷ್ಟು ವ್ಯತ್ಯಾಸ. ಹೀಗಿರುವಾಗ ನಿಮ್ಮ ಹಳೇ ಸಂಬಳ ಹೇಳಿದ ಮೇಲೆ ಆ ರಿಕ್ರೂಟರ್ ಅದನ್ನು ಮರೆತು ಯೋಚಿಸುತ್ತಾರೆ ಅಂತ ನಿರೀಕ್ಷಿಸಲಾಗದು, ಅವರು ಎಷ್ಟೇ ಒಳ್ಳೆಯವರಿರಲಿ.

ಇದು ಕೋರ್ಟಿನ ಮೆಟ್ಟಿಲು ಹತ್ತಿದ ಸಂಗತಿಯೂ ಹೌದು. ಏಲೀನ್ ರೀಜೋ ಎಂಬ ಗಣಿತ ಶಿಕ್ಷಕಿ 2009ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕೌಂಟಿಯ ಶಿಕ್ಷಣ ಕಚೇರಿಗೆ ಸೇರಿದರು. ಅಲ್ಲಿನ ನಿಯಮ ಸರಳ: ಹಿಂದಿನ ಸಂಬಳಕ್ಕೆ 5 ಪರ್ಸೆಂಟ್ ಸೇರಿಸಿ, ಅದಕ್ಕೆ ಹೊಂದುವ ಸಂಬಳದ ಮೆಟ್ಟಿಲಿಗೆ ಕೂರಿಸುವುದು. ಅವರ ಹಳೇ ಸಂಬಳಕ್ಕೆ 5 ಸೇರಿಸಿದರೂ ಆ ಹುದ್ದೆಯ ಅತಿ ಕೆಳಗಿನ ಮೆಟ್ಟಿಲನ್ನೂ ಮುಟ್ಟಲಿಲ್ಲ, ಹಾಗಾಗಿ ಆ ಮೆಟ್ಟಿಲಿಗೇ ಕೂರಿಸಿದರು. 2012ರಲ್ಲಿ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂತಾಗ, ಹೊಸದಾಗಿ ಅದೇ ಕೆಲಸಕ್ಕೆ ಬಂದ ಗಂಡಸಿಗೆ ತನಗಿಂತ ಜಾಸ್ತಿ ಸಂಬಳ ಎಂದು ಗೊತ್ತಾಯಿತು. ವರ್ಷಗಟ್ಟಲೆ ನಡೆದ ಕೇಸಿನಲ್ಲಿ 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಟ್ಟಿದ್ದನ್ನು ಸಮರ್ಥಿಸಲು ಹಳೇ ಸಂಬಳವನ್ನು ಕಾರಣವಾಗಿ ತೋರಿಸುವಂತಿಲ್ಲ ಎಂದಿತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2018ರಿಂದ ಆಫರ್ ಕೊಡುವ ಮುಂಚೆ ಹಳೇ ಸಂಬಳ ಕೇಳುವುದೇ ತಪ್ಪು. ಯುರೋಪಿಯನ್ ಯೂನಿಯನ್ 2023ರ ನಿರ್ದೇಶನದಲ್ಲಿ ಅದೇ ಮಾತು ಹೇಳಿದೆ. ನೀವು ಕೇಳಬೇಕೆಂದಿರುವುದು ವಿಚಿತ್ರ ಬೇಡಿಕೆಯಲ್ಲ ಅನ್ನುವುದಕ್ಕೆ ಇದನ್ನೆಲ್ಲ ಹೇಳಿದೆ.

ಈಗ ಫೋನ್ ಬಂದಾಗ ಏನು ಮಾಡಬೇಕು ನೋಡೋಣ. ಅದಕ್ಕೂ ಮುಂಚೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಅಂಕಿ ಇರಬೇಕು. ಸಂಬಳ ನಮೂದಿಸಿದ ಜಾಹೀರಾತುಗಳನ್ನು ಹುಡುಕಿ. ಅದೇ ಕೆಲಸ ಮಾಡುವ ಮೂರ್ನಾಲ್ಕು ಜನರನ್ನು ಕೇಳಿ. 'ನಿಮ್ಮ ಸಂಬಳ ಎಷ್ಟು' ಅಂತ ಕೇಳಿದರೆ ಮುಜುಗರ, 'ಈ ಕೆಲಸಕ್ಕೆ ಎಷ್ಟು ಕೇಳಬಹುದು' ಅಂದರೆ ಜನ ಹೇಳುತ್ತಾರೆ. ಹೋಲಿಸುವಾಗ ಹುದ್ದೆಯ ಹೆಸರಿಗಿಂತ ಕೆಲಸ ನೋಡಿ. ಒಂದು ಕಡೆ 'ಸೀನಿಯರ್' ಅಂದರೆ ಕ್ಲೋಸಿಂಗ್ ಪೂರ್ತಿ ಹೊರುವವರು, ಇನ್ನೊಂದು ಕಡೆ ಬರೀ ವರ್ಷ ಕಳೆದವರು. ತಿಂಗಳ ಸಂಬಳವನ್ನು ಬೋನಸ್ ಸೇರಿಸಿದ ಮೊತ್ತದ ಜೊತೆ ಹೋಲಿಸುವ ತಪ್ಪಂತೂ ಎಲ್ಲರೂ ಮಾಡುತ್ತಾರೆ, ಅಲ್ಲಿ ಎಚ್ಚರ.

ಫೋನಿನಲ್ಲಿ ಈಗಿನ ಸಂಬಳ ಕೇಳಿದರೆ ಮೊದಲು ನೀವೇ ಕೇಳಿ: 'ಈ ಹುದ್ದೆ ಯಾವ ಲೆವೆಲ್‌ನದು, ಅದರ ಬ್ಯಾಂಡ್ ಎಷ್ಟು?' ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಒಂದೊಂದು ಲೆವೆಲ್‌ಗೂ ಕನಿಷ್ಠ, ಮಧ್ಯ, ಗರಿಷ್ಠ ಎಂದು ಸಂಬಳದ ಪಟ್ಟಿ ಇರುತ್ತದೆ, ಅದನ್ನೇ ಬ್ಯಾಂಡ್ ಅನ್ನುವುದು. ಎಷ್ಟೋ ಜನ ರಿಕ್ರೂಟರ್‌ಗಳು ಕೇಳಿದರೆ ಹೇಳಿಬಿಡುತ್ತಾರೆ, ಯಾರೂ ಕೇಳುವುದಿಲ್ಲ ಅಷ್ಟೇ. ಹೇಳದೆ ಮತ್ತೆ ಒತ್ತಾಯಿಸಿದರೆ ನಿಜವಾದ ಅಂಕಿ ಹೇಳಿ, ಆದರೆ ಅದನ್ನು ಒಂಟಿಯಾಗಿ ಬಿಡಬೇಡಿ. ಒಂದೇ ಉಸಿರಿನಲ್ಲಿ ಕಾರಣವನ್ನೂ ನಿಮಗೆ ಬೇಕಾದ ಅಂಕಿಯನ್ನೂ ಹೇಳಿ. ಹೀಗೆ:

'ನನ್ನ ಈಗಿನ ಸಂಬಳ 100. ಇದು ನಾನು ಎಂಟ್ರಿ ಕೆಲಸಕ್ಕೆ ಸೇರಿದಾಗ ನಿಗದಿಯಾದದ್ದು, ಆಮೇಲೆ ವರ್ಷ ವರ್ಷ ಸ್ವಲ್ಪ ಏರಿದೆ. ಕೆಲಸ ಮಾತ್ರ ಪೂರ್ತಿ ಬದಲಾಗಿದೆ, ಕ್ಲೋಸಿಂಗ್ ಮತ್ತು ಆಡಿಟ್ ನನ್ನ ಜವಾಬ್ದಾರಿ. ಈ ಕೆಲಸಕ್ಕೆ ಬೇರೆ ಕಡೆ 170ರಿಂದ 190 ಇದೆ. ನಾನು 180 ನಿರೀಕ್ಷಿಸುತ್ತಿದ್ದೇನೆ. ನಿಮ್ಮ ಬಜೆಟ್‌ಗೆ ಇದು ಹೊಂದುತ್ತದಾ?'

ಇಷ್ಟು ಹೇಳಿ ಸುಮ್ನೆ ಇರಿ. ಹಳೇ ಕಂಪನಿಯನ್ನು ಬೈಯಬೇಡಿ, ಮನೆಯ ಖರ್ಚು, ಸಾಲ ಏನೂ ತರಬೇಡಿ. ಅವೆಲ್ಲ ನಿಮಗೆ ಎಷ್ಟು ಬೇಕು ಅನ್ನುವುದನ್ನು ಹೇಳುತ್ತವೆ, ಕೆಲಸಕ್ಕೆ ಎಷ್ಟು ಸಲ್ಲಬೇಕು ಅನ್ನುವುದನ್ನಲ್ಲ. ಮಾತು ಮುಗಿದ ಮೇಲೆ ಅದನ್ನೇ ಎರಡು ಸಾಲಿನ ಮೇಲ್ ಮಾಡಿ. ಇಲ್ಲದಿದ್ದರೆ ರಿಕ್ರೂಟರ್ ಫಾರ್ಮಿನಲ್ಲಿ ಹಳೇ ಸಂಬಳ ಮಾತ್ರ ಉಳಿಯುತ್ತದೆ, ನಿಮ್ಮ ವಿವರಣೆ ಎಚ್‌ಆರ್‌ವರೆಗೆ ಹೋಗುವುದೇ ಇಲ್ಲ.

'25 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವುದು ನಮ್ಮ ಪಾಲಿಸಿಯಲ್ಲಿಲ್ಲ' ಅನ್ನುತ್ತಾರೆ. ಜಗಳ ಬೇಡ. 'ಇದಕ್ಕೆ ವಿನಾಯಿತಿ ಯಾರು ಕೊಡಬಹುದು?' ಎಂದು ಕೇಳಿ. ಸಾಮಾನ್ಯವಾಗಿ ಆ ವಿಭಾಗದ ಮ್ಯಾನೇಜರ್ ಒಂದು ಟಿಪ್ಪಣಿ ಬರೆದು ಮೇಲಿನವರ ಒಪ್ಪಿಗೆ ತರಬೇಕಾಗುತ್ತದೆ. ಆತ ನಿಮಗಾಗಿ ಆ ಕಷ್ಟ ತೆಗೆದುಕೊಳ್ಳುವುದು ಸಂದರ್ಶನದಲ್ಲಿ ನೀವು ಬೇಕೇ ಬೇಕು ಅನ್ನಿಸಿದ ಮೇಲೆ. ಆದ್ದರಿಂದ ಅಂಕಿಯನ್ನು ಮೊದಲ ಫೋನಿನಲ್ಲೇ ಹೇಳಿಡಿ, ಗಟ್ಟಿಯಾಗಿ ಕೇಳುವುದನ್ನು ಸಂದರ್ಶನ ಮುಗಿದು ಆಫರ್ ಪತ್ರ ಬರುವ ಮುಂಚಿನ ದಿನಗಳಿಗೆ ಇಟ್ಟುಕೊಳ್ಳಿ. ಪತ್ರ ಬಂದ ಮೇಲೆ ತಿದ್ದಿಸುವುದು ಕಷ್ಟ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ಬ್ಯಾಂಡಿನ ಗರಿಷ್ಠವೇ 140 ಇದ್ದರೆ ಯಾರ ಒಪ್ಪಿಗೆಯೂ ಉಪಯೋಗಕ್ಕಿಲ್ಲ, ಅದು ಬೇರೆ ಲೆವೆಲ್‌ನ ಕೆಲಸ. ಮೂರ್ನಾಲ್ಕು ಕಂಪನಿಗಳು ಸಂದರ್ಶನ ಮಾಡಿದ ಮೇಲೂ 130ರ ಹತ್ತಿರವೇ ನಿಂತರೆ ನಿಮ್ಮ 180 ಸರಿಯಿದೆಯೇ ಎಂದು ಮತ್ತೊಮ್ಮೆ ವಿಚಾರಿಸಿ. ಆದರೆ ಸಂದರ್ಶನವೇ ಆಗದೆ ಹಳೇ ಸಂಬಳ ಕೇಳಿದ ಕೂಡಲೇ 125 ಅಂದರೆ, ಅವರು ನಿಮ್ಮ ಕೆಲಸವನ್ನು ಇನ್ನೂ ಅಳೆದೇ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಜಾಹೀರಾತು ಕೊಡುವವರ ಮೇಲೆ. ಕೆಲಸದ ಸಮಯ, ವಿದ್ಯಾರ್ಹತೆ, ಅನುಭವ, ಎಲ್ಲ ಬರೆಯುತ್ತಾರೆ. ಸಂಬಳ ಬಂದಾಗ 'ಅನುಭವಕ್ಕೆ ತಕ್ಕಂತೆ'. ಆಮೇಲೆ ಅನುಭವವನ್ನು ಪಕ್ಕಕ್ಕಿಟ್ಟು ಹಳೇ ಸಂಬಳ ಕೇಳುತ್ತಾರೆ! ಬ್ಯಾಂಡ್ ಅವರ ಮೇಜಿನ ಮೇಲೆ ಇರುತ್ತದೆ, ಅಭ್ಯರ್ಥಿ ಮಾತ್ರ ಕತ್ತಲಲ್ಲಿ ಚೌಕಾಸಿ ಮಾಡಬೇಕು. ನಮ್ಮ ಪತ್ರಿಕೆಗೆ ಉದ್ಯೋಗದ ಜಾಹೀರಾತು ಕೊಡುವವರಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಹಾಕಿ ಎಂದು ಕೇಳುತ್ತಲೇ ಇದ್ದೇನೆ. ಕೆಲವರು ಹಾಕುತ್ತಾರೆ, ಹೆಚ್ಚಿನವರು ಇಲ್ಲ. ಈ ವಾರವೂ ಹಾಗೇ ಒಂದು ಬಂತು. ಸಂಬಳದ ಅಂಕಿ ಬರೆದು ಕಳಿಸಿ ಎಂದು ವಾಪಸ್ ಮಾಡಿದ್ದೇನೆ.