ರಿಸಲ್ಟ್ ಮಾರನೇ ದಿನ ಷೇರು 4% ಏರಿದರೂ ಸ್ಟ್ರ್ಯಾಡಲ್ ಯಾಕೆ ಲಾಸ್?

ಪ್ರಶ್ನೆ: ರಿಸಲ್ಟ್ ಬರುವ ದಿನ ಮಧ್ಯಾಹ್ನ ಷೇರು 1,500ರಲ್ಲಿತ್ತು. 1,500ರ ಕಾಲ್ 55ಕ್ಕೆ, ಪುಟ್ 54ಕ್ಕೆ ತಗೊಂಡೆ. ಎಕ್ಸ್‌ಪೈರಿಗೆ ಇನ್ನೂ 15 ದಿನ ಇತ್ತು. ಬೆಳಿಗ್ಗೆ ಷೇರು 1,560ಕ್ಕೆ ಹೋಯ್ತು. ಆದ್ರೂ ಎರಡೂ ಸೇರಿ 78 ಮಾತ್ರ ತೋರಿಸ್ತಿದೆ. ಆ್ಯಪ್‌ನಲ್ಲಿ ಏನಾದ್ರೂ ತಪ್ಪಿದೆಯಾ?

ಉತ್ತರ:

ಆ್ಯಪ್ ಸರಿಯಾಗೇ ಇದೆ. ನೀವು ಕೊಟ್ಟ 109 ರೂಪಾಯಿಯಲ್ಲಿ ಸುಮಾರು 50 ರೂಪಾಯಿ ಬರೀ ಆ ಒಂದು ರಾತ್ರಿಯ ಬೆಲೆ. ಷೇರು ಏರಲಿ, ಇಳಿಯಲಿ, ಬೆಳಿಗ್ಗೆ ಆ 50 ಇರುವುದಿಲ್ಲ.

ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಸಬ್-ಬ್ರೋಕರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರಿಸಲ್ಟ್ ಸೀಸನ್ ಬಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಒಬ್ಬರು ಮೊಬೈಲ್ ಹಿಡಿದುಕೊಂಡೇ ಬಂದು, "ಅಣ್ಣಾ, ಷೇರು ಹಾರಿದೆ, ನನ್ನ ದುಡ್ಡು ಎಲ್ಲಿ ಹೋಯ್ತು?" ಎಂದು ಕೇಳಿದ್ದರು. ಅವರ ಬಿಲ್ಲಿನ ಹಿಂಬದಿಯಲ್ಲಿ ಮೂರು ಅಂಕಿ ಬರೆದು ತೋರಿಸಿದ್ದೆ. ನಿಮಗೂ ಅದೇ ರೀತಿ ಹೇಳುತ್ತೇನೆ. ನಿಮ್ಮ ಲೆಕ್ಕಕ್ಕೆ ಆ ಮೂರು ಅಂಕಿ 109, 59, 78.

109 ನೀವು ಕೊಟ್ಟ ಬೆಲೆ. ಆಪ್ಷನ್ ಚೈನ್ ತೆರೆದರೆ IV ಅಂತ ಒಂದು ಕಾಲಂ ಇರುತ್ತದೆ, ಅಲ್ವಾ? ಈ ಷೇರು ಮುಂದೆ ಎಷ್ಟು ಓಲಾಡಬಹುದು ಎಂದು ಮಾರ್ಕೆಟ್ ಅಂದಾಜು ಮಾಡಿದೆಯೋ ಅದನ್ನು ವರ್ಷದ ಲೆಕ್ಕದಲ್ಲಿ ಹೇಳುವ ಅಂಕಿ ಅದು. 15 ದಿನ ಬಾಕಿ ಇರುವ 1,500ರ ಸ್ಟ್ರ್ಯಾಡಲ್ 109ಕ್ಕೆ ಸಿಗುತ್ತಿದೆ ಎಂದರೆ ಐವಿ ಹೆಚ್ಚುಕಡಿಮೆ 45%. ಇಂಥ ದೊಡ್ಡ ಷೇರಿಗೆ ಮಾಮೂಲಿ ದಿನಗಳಲ್ಲಿ 25% ಇರುತ್ತದೆ ಎಂದುಕೊಳ್ಳಿ. ಮುಂದಿನ 15 ದಿನವೂ ಷೇರು ಹುಚ್ಚೆದ್ದು ಕುಣಿಯುತ್ತದೆ ಎಂದು ಯಾರೂ ಅಂದುಕೊಂಡಿಲ್ಲ. 14 ದಿನ ಮಾಮೂಲಿ, ಒಂದು ದಿನ ದೊಡ್ಡ ನೆಗೆತ. ಆ ಒಂದು ದಿನದ ಭಯವನ್ನು 15 ದಿನಕ್ಕೆ ಹಂಚಿದಾಗ ಸ್ಕ್ರೀನ್ ಮೇಲೆ 45 ಕಾಣುತ್ತದೆ.

ರಿಸಲ್ಟ್ ಬಂತು. ಲಾಭ ಎಷ್ಟು, ಮುಂದಿನ ಅಂದಾಜು ಏನು, ಎಲ್ಲಾ ಗೊತ್ತಾಯಿತು. ಇನ್ನು ಉಳಿದದ್ದು 14 ಮಾಮೂಲಿ ದಿನ. ಐವಿ 25ಕ್ಕೆ ಬಂದುಬಿಡುತ್ತದೆ. ಇದು ಮೆಲ್ಲಗೆ ಇಳಿಯುವುದಲ್ಲ. ಸಂಜೆ ಮಾರ್ಕೆಟ್ ಮುಚ್ಚಿದ ಮೇಲೆ ರಿಸಲ್ಟ್ ಬಂದರೆ ಬೆಳಿಗ್ಗೆ 9:15ಕ್ಕೆ ಮೊದಲ ರೇಟೇ ಇಳಿದಿರುತ್ತದೆ. ಮಾರ್ಕೆಟ್ ನಡೆಯುವಾಗಲೇ ಬಂದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಸ್ಟಾಪ್‌ಲಾಸ್ ಹಾಕಿ ತಪ್ಪಿಸಿಕೊಳ್ಳುವುದಕ್ಕೂ ಜಾಗ ಇರುವುದಿಲ್ಲ.

ಷೇರು 1,500ರಲ್ಲೇ ನಿಂತಿದ್ದರೆ, 25% ಐವಿ ಮತ್ತು 14 ದಿನಕ್ಕೆ ನಿಮ್ಮ ಸ್ಟ್ರ್ಯಾಡಲ್ ಬೆಲೆ ಸುಮಾರು 59. ಇದು ಎರಡನೇ ಅಂಕಿ. 109 ಇದ್ದದ್ದು 59. ಷೇರಿನ ಓಟ ಲೆಕ್ಕಕ್ಕೆ ಬರುವ ಮೊದಲೇ 50 ಹೋಯಿತು.

ಈಗ ಷೇರು 60 ರೂಪಾಯಿ ಏರಿದೆ. ಬಹಳ ಜನ ಇಲ್ಲೇ ಎಡವುತ್ತಾರೆ. 59ಕ್ಕೆ 60 ಸೇರಿಸಿದರೆ 119 ಆಗಬೇಕಲ್ಲ, ಲಾಭವೇ ಬರಬೇಕಲ್ಲ ಎಂದು ಅವರ ಪ್ರಶ್ನೆ. ಹಾಗೆ ಸೇರುವುದಿಲ್ಲ. 59ರಲ್ಲಿ ಕಾಲ್ ಮತ್ತು ಪುಟ್ ತಲಾ 29.5. ಷೇರು 1,560ಕ್ಕೆ ಹೋದಾಗ ಕಾಲ್ 69 ಆಯಿತು, ಅಂದರೆ 39.5 ಗಳಿಸಿತು. ಪುಟ್ 9ಕ್ಕೆ ಕುಸಿಯಿತು, ಅಂದರೆ 20.5 ಕಳೆಯಿತು. 60 ರೂಪಾಯಿ ಓಟದಿಂದ ನಿಮಗೆ ನಿಜವಾಗಿ ಸಿಕ್ಕಿದ್ದು 19 ರೂಪಾಯಿ. ಸ್ಟ್ರೈಕ್ ಹತ್ತಿರ ಇರುವಾಗ ಒಂದು ಕೈಯಲ್ಲಿ ಬಂದದ್ದರಲ್ಲಿ ದೊಡ್ಡ ಪಾಲು ಇನ್ನೊಂದು ಕೈಯಿಂದ ಹೋಗುತ್ತಿರುತ್ತದೆ. ಷೇರು ಸ್ಟ್ರೈಕ್‌ನಿಂದ ತುಂಬಾ ದೂರ ಹೋದ ಮೇಲೆ ಮಾತ್ರ ಕಾಲ್ ಹೆಚ್ಚುಕಡಿಮೆ ರೂಪಾಯಿಗೆ ರೂಪಾಯಿ ಏರುತ್ತದೆ. ಅಷ್ಟರಲ್ಲಿ ಪುಟ್‌ನಲ್ಲಿ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

59ಕ್ಕೆ 19 ಸೇರಿ 78. ಮೂರನೇ ಅಂಕಿ. ಷೇರಿಗೆ 31 ರೂಪಾಯಿ ನಷ್ಟ. ಲಾಟ್ 400 ಇದ್ದರೆ 12,400. ಐವಿ 45ರಲ್ಲೇ ಉಳಿದಿದ್ದರೆ ಇದೇ ಸ್ಟ್ರ್ಯಾಡಲ್ 118 ಆಗುತ್ತಿತ್ತು, ನಿಮಗೆ 9 ರೂಪಾಯಿ ಲಾಭ ಇರುತ್ತಿತ್ತು. ನಿಮ್ಮ ದಿಕ್ಕು ತಪ್ಪಿರಲಿಲ್ಲ. ಸ್ಟ್ರ್ಯಾಡಲ್‌ಗೆ ದಿಕ್ಕು ಬೇಕಾಗಿಯೂ ಇಲ್ಲ. 1,440ಕ್ಕೆ ಬಿದ್ದಿದ್ದರೂ ಸುಮಾರು 76 ಸಿಗುತ್ತಿತ್ತು.

ಹಾಗಾದರೆ ಷೇರು ಎಲ್ಲಿಗೆ ಹೋಗಿದ್ದರೆ ನಿಮ್ಮ ದುಡ್ಡು ವಾಪಸ್ ಬರುತ್ತಿತ್ತು? ಐವಿ 25ಕ್ಕೆ ಇಳಿದ ಲೆಕ್ಕದಲ್ಲಿ ಮೇಲೆ ಸುಮಾರು 1,603, ಕೆಳಗೆ ಸುಮಾರು 1,396. ಅಂದರೆ 7% ಹತ್ತಿರ. 25% ಐವಿ ಇರುವ ಷೇರು ಮಾಮೂಲಿ ದಿನ 1.6% ಆಸುಪಾಸು ಓಡಾಡುತ್ತದೆ. ಆ ಕಣ್ಣಿನಿಂದ ನೋಡಿದರೆ 4% ದೊಡ್ಡದೇ. ಆದರೆ ನೀವು 7% ಓಟಕ್ಕೆ ದುಡ್ಡು ಕೊಟ್ಟಿದ್ದಿರಿ. ಮಾಮೂಲಿ ದಿನದ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಕೊಟ್ಟ ಬೆಲೆಯ ಜೊತೆ ಹೋಲಿಸಬೇಕು.

ತಗೊಳ್ಳುವ ಮೊದಲೇ ಇದನ್ನು ನೋಡಬಹುದು. ಅದೇ ಸ್ಟ್ರೈಕ್‌ನ ಮುಂದಿನ ತಿಂಗಳ ಐವಿ ತೆಗೆದು ನೋಡಿ. ಅಲ್ಲೂ ಅದೇ ಒಂದು ರಾತ್ರಿಯ ಭಯ ಸೇರಿರುತ್ತದೆ, ಆದರೆ ಜಾಸ್ತಿ ದಿನಗಳಿಗೆ ಹಂಚಿಹೋಗಿರುತ್ತದೆ. ನಿಮ್ಮ ಲೆಕ್ಕದಲ್ಲಿ, 43 ದಿನ ಬಾಕಿ ಇರುವ ಆಪ್ಷನ್‌ನಲ್ಲಿ ಅದು 33% ಆಸುಪಾಸು ಇರಬೇಕು. ಈ ತಿಂಗಳು 45, ಮುಂದಿನ ತಿಂಗಳು 33 ಎಂದು ಕಂಡರೆ ರಿಸಲ್ಟ್‌ಗೆ ಬೆಲೆ ಕಟ್ಟಿ ಆಗಿದೆ ಎಂದು ಅರ್ಥ. ನಮ್ಮಲ್ಲಿ ಬಹಳ ಷೇರುಗಳಿಗೆ ಮುಂದಿನ ತಿಂಗಳ ಆಪ್ಷನ್‌ನಲ್ಲಿ ವ್ಯಾಪಾರ ಕಡಿಮೆ. ಹಾಗಾಗಿ ಕೊನೆಯ ಟ್ರೇಡ್ ರೇಟ್ ನಂಬಬೇಡಿ, ಬಿಡ್ ಮತ್ತು ಆಸ್ಕ್ ನಡುವಿನ ರೇಟ್ ನೋಡಿ. ಆಮೇಲೆ ಆ ಷೇರಿನ ಹಿಂದಿನ ಏಳೆಂಟು ರಿಸಲ್ಟ್‌ಗಳ ಮಾರನೇ ದಿನದ ಚಾರ್ಟ್ ತೆಗೆಯಿರಿ. ಬಹುಪಾಲು 3%, 4% ಓಟವೇ ಇದ್ದು ನೀವು 7%ಗೆ ದುಡ್ಡು ಕೊಡುತ್ತಿದ್ದರೆ, ಆ ಟ್ರೇಡ್ ಬಿಟ್ಟುಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ರಿಸಲ್ಟ್‌ಗೆ ಹತ್ತು ದಿನ ಮೊದಲೇ ಸ್ಟ್ರ್ಯಾಡಲ್ ತಗೊಂಡು, ರಿಸಲ್ಟ್ ಬರುವ ಮೊದಲೇ ಮಾರಿ ಹೊರಬರುವವರಿದ್ದಾರೆ. ದಿನ ಹತ್ತಿರ ಬಂದಂತೆ ಐವಿ ಏರುವುದರಿಂದ ಪ್ರೀಮಿಯಂ ನಿಧಾನವಾಗಿ ಕರಗುತ್ತದೆ ಅಷ್ಟೇ. ಕರಗುವುದು ನಿಲ್ಲುವುದಿಲ್ಲ. ನಡುವೆ ಷೇರು ಓಡಿದರೆ ಮಾತ್ರ ಲಾಭ.

ನಿಮ್ಮ ಮುಂದಿನ ಪ್ರಶ್ನೆ ಗೊತ್ತು: ಹಾಗಾದರೆ ಸ್ಟ್ರ್ಯಾಡಲ್ ಮಾರಿಬಿಡೋಣವಾ? ಆ 50 ರೂಪಾಯಿ ಮಾರುವವನಿಗೆ ಸುಮ್ನೆ ಸಿಗುವುದಿಲ್ಲ. 2023ರ ಏಪ್ರಿಲ್‌ನಲ್ಲಿ ರಿಸಲ್ಟ್ ಬಂದ ಮೇಲಿನ ಮೊದಲ ವಹಿವಾಟಿನ ದಿನವೇ ಇನ್ಫೋಸಿಸ್ 9%ಗೂ ಜಾಸ್ತಿ ಬಿತ್ತು. 2024ರ ಜನವರಿ 17ರಂದು ಎಚ್‌ಡಿಎಫ್‌ಸಿ ಬ್ಯಾಂಕ್ 8%ಗೂ ಜಾಸ್ತಿ ಬಿತ್ತು. ನಿಮ್ಮ ಇದೇ ಸ್ಟ್ರ್ಯಾಡಲ್ ಮಾರಿ, ಷೇರು 10% ಬಿದ್ದು 1,350ಕ್ಕೆ ಬಂದರೆ ಪುಟ್ ಒಂದೇ 150 ಆಗುತ್ತದೆ. ಬಂದದ್ದು 109, ಕೊಡಬೇಕಾದದ್ದು 150. ಮಾರಲೇಬೇಕು ಎಂದರೆ ದೂರದ ಕಾಲ್, ದೂರದ ಪುಟ್ ಒಂದೊಂದು ಖರೀದಿಸಿ ನಷ್ಟಕ್ಕೆ ಮಿತಿ ಹಾಕಿಕೊಂಡು ಮಾರಿ. ಅದರ ಖರ್ಚು ಕಳೆದ ಮೇಲೆ ಆ 50ರಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಆರ್ಡರ್ ಹಾಕುವ ಮೊದಲೇ ಲೆಕ್ಕ ಹಾಕಿ.